150 ಪದಗಳಲ್ಲಿ ಪಾಠಕ್ಕೆಷ್ಟು ಜಾಗ?

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಇತಿಹಾಸ ಅಧ್ಯಾಪಕಿಯೊಬ್ಬರು ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ಫೆಲೋಶಿಪ್‌ಗೆ ಅರ್ಜಿ ಹಾಕಲು 150 ಪದಗಳ ಪರಿಚಯ ಬರೆದರು. ಅದನ್ನು ಓದಿದ ನಿವೃತ್ತ ಪ್ರಾಧ್ಯಾಪಕರು ಬೋಧನೆಯ ಸಾಲುಗಳನ್ನೆಲ್ಲ ಹೊಡೆದುಹಾಕಿದರು. ಜಗಳ ಶುರುವಾದದ್ದು ಅಲ್ಲಿಂದ.

ಪರ: ಬೋಧನೆ ಇರಲೇಬೇಕು

ನನಗೆ ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ನ್ಯಾಕ್ ಕಡತ, ಪರೀಕ್ಷಾ ಕೆಲಸ, ಎನ್‌ಎಸ್‌ಎಸ್ ಶಿಬಿರ. 11 ವರ್ಷ ಹೀಗೆ ದುಡಿದವಳು 6 ಲೇಖನ ಬರೆದಿದ್ದಾಳೆ ಎಂದರೆ ಆ ಆರರ ತೂಕವೇ ಬೇರೆ. ಬೋಧನೆಯ ಸಾಲು ತೆಗೆದರೆ ಓದುವವರಿಗೆ ಕಾಣುವುದು ಬರೀ ‘6’. ವಿಶ್ವವಿದ್ಯಾಲಯದ ವಿಭಾಗದಲ್ಲಿ ಕೂತು 30 ಬರೆದವರ ಪಕ್ಕದಲ್ಲಿ ನಾನು ಸೋಮಾರಿಯಂತೆ ಕಾಣುವುದಿಲ್ಲವೇ?

ವಿರೋಧ: ಈ ಅರ್ಜಿಗೆ ಬೇಡ

ಕಷ್ಟ ನಿಜ, ಆದರೆ ಆಯ್ಕೆ ಸಮಿತಿ ಕಷ್ಟಕ್ಕೆ ಅಂಕ ಕೊಡುವುದಿಲ್ಲವಮ್ಮ. ನಿಮ್ಮ ಕರಡನ್ನೇ ನೋಡಿ: ‘11 ವರ್ಷಗಳ ಬೋಧನಾನುಭವ ಹೊಂದಿರುವ ಇವರು 6 ಲೇಖನಗಳನ್ನು ಪ್ರಕಟಿಸಿದ್ದು, 23 ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿರುತ್ತಾರೆ. ಕೆರೆಗಳ ಇತಿಹಾಸದ ಮೇಲೆ ಹೊಸ ಬೆಳಕು ಚೆಲ್ಲುವುದು ಇವರ ಗುರಿ.’ ಇದು ಬಡ್ತಿ ಅರ್ಜಿಯ ಭಾಷೆ. 2010ರ ಯುಜಿಸಿ ನಿಯಮದಲ್ಲಿ ಎಪಿಐ ಅಂಕ ಬಂದಮೇಲೆ ನಾವೆಲ್ಲ ನಮ್ಮನ್ನು ನಾವೇ ಎಣಿಸಿಕೊಳ್ಳುವುದು ಕಲಿತೆವು. ಕೆರೆಯ ಬಗ್ಗೆ ನಿಮ್ಮ ಪ್ರಶ್ನೆ ಏನು ಅಂತ ಇದನ್ನೋದಿ ನನಗೆ ತಿಳಿಯಲಿಲ್ಲ.

ಮೊದಲ ಸಾಲು ಹೀಗಿರಲಿ: ‘ಕೆರೆ ಕಟ್ಟಿದವರಿಗೆ, ಕಾಪಾಡಿದವರಿಗೆ ಶಾಸನಗಳಲ್ಲಿ ಬಿಟ್ಟ ಕಟ್ಟುಗೊಡಗೆ ಭೂಮಿ ಮುಂದೆ ಯಾರ ಕೈಸೇರಿತು ಎಂಬುದನ್ನು ಇವರು ಹುಡುಕುತ್ತಿದ್ದಾರೆ.’ ಆಮೇಲೆ ಆರರಲ್ಲಿ ಎರಡೇ ಲೇಖನ, ಈ ಪ್ರಶ್ನೆಯ ಹತ್ತಿರದವು. ನಿಮ್ಮ ತಾಲ್ಲೂಕಿನ ಕೆರೆ ಶಾಸನಗಳ ಲೇಖನ ಇರಲಿ, ಸ್ವಾತಂತ್ರ್ಯ ಚಳವಳಿಯದು ಪಟ್ಟಿಯಲ್ಲಿ ಕೂತಿರಲಿ. ಕೊನೆಗೆ, ಎರಡು ವರ್ಷ ಸಿಕ್ಕರೆ ಏನು ಮಾಡುತ್ತೀರಿ? ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಾಸನಗಳನ್ನು ಇನಾಂ ದಾಖಲೆಗಳ ಜೊತೆ ಇಟ್ಟು ಓದಿ ಒಂದು ಪುಸ್ತಕ ಮುಗಿಸುತ್ತೀರಿ. ಶಿಮ್ಲಾದವರು ಕೇಳುವುದೂ ಪುಸ್ತಕವನ್ನೇ. ಅಲ್ಲಿ ತರಗತಿಯೇ ಇಲ್ಲ.

ನಡುವೆ ಬಂದ ಮಾತು

ಪಕ್ಕದಲ್ಲಿದ್ದ ಪಿಎಚ್‌.ಡಿ. ವಿದ್ಯಾರ್ಥಿಗೆ ಇದು ಪ್ರಕಟಣೆಯ ಚರ್ಚೆಯಂತೆ ಕೇಳಿಸಿತು. “ಸರ್, ನಂದು ಮೂರು ಲೇಖನ ‘ಅಂಡರ್ ರಿವ್ಯೂ’ ಇವೆ. ಹಾಕಿಬಿಡಲಾ? ಒಂದು ಪತ್ರಿಕೆ ಯುಜಿಸಿ ಕೇರ್ ಪಟ್ಟಿಯಲ್ಲಿತ್ತು.”

“ಆ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ಕೈಬಿಟ್ಟಿತಲ್ಲಪ್ಪಾ. ಪತ್ರಿಕೆ ಒಪ್ಪಿಕೊಂಡು ಪತ್ರ ಕೊಟ್ಟಿದ್ದರೆ ‘ಪ್ರಕಟಣೆಗೆ ಸ್ವೀಕೃತ’ ಅಂತ ಬರಿ. ಬರೀ ಕಳಿಸಿದ್ದೇನೆ ಅಂದರೆ ಅಂಚೆ ಡಬ್ಬಕ್ಕೆ ಹಾಕಿದ್ದೇನೆ ಅಂದಷ್ಟೇ ಅರ್ಥ.”

ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಮತ್ತೆ ಪರ

ಪ್ರಶ್ನೆ ಮೊದಲಿಗೆ ಬರಲಿ, ಒಪ್ಪಿದೆ. ಆದರೆ ಆ ಪ್ರಶ್ನೆ ಹುಟ್ಟಿದ್ದು ಎಲ್ಲಿ? ಎರಡನೇ ವರ್ಷದ ಬಿ.ಎ. ಮಕ್ಕಳಿಗೆ ತಮ್ಮೂರಿನ ಹೊಲಗಳ ಹೆಸರು ಬರೆದುಕೊಂಡು ಬರಲು ಹೇಳಿದ್ದೆ. ಒಬ್ಬ ಹುಡುಗಿ ‘ಕೊಡಗಿ ಹೊಲ’ ಅಂತ ಬರೆದು ತಂದಳು. ಯಾಕೆ ಆ ಹೆಸರು ಅಂತ ಅವಳ ಅಜ್ಜನಿಗೂ ಗೊತ್ತಿರಲಿಲ್ಲ. ಹೊಲ ಇದ್ದದ್ದು ಕೆರೆ ಏರಿಯ ಕೆಳಗೆ. ಈಗ 40 ಊರುಗಳ ಪಟ್ಟಿ ನನ್ನ ಬಳಿ ಇದೆ. ಇದನ್ನು ಬೋಧನೆ ಅನ್ನಲೋ, ಸಂಶೋಧನೆ ಅನ್ನಲೋ?

ಮತ್ತೆ ವಿರೋಧ

ಇದನ್ನು ಕರಡಿನಲ್ಲಿ ಯಾಕೆ ಬರೆಯಲಿಲ್ಲ ನೀವು? ‘11 ವರ್ಷ’ ತೆಗೆದು ಇದನ್ನು ಹಾಕಿ. ವರ್ಷ ಎಷ್ಟಾದರೂ ಅದು ಸೇವಾವಧಿ. ಈ 40 ಊರಿನ ಪಟ್ಟಿ ನಿಮ್ಮ ಆಕರ, ಬೇರೆ ಅರ್ಜಿದಾರರ ಹತ್ತಿರ ಇಲ್ಲದ್ದು.

ಹಾಗಂತ ಇದೇ ಪರಿಚಯವನ್ನು ಎಲ್ಲ ಕಡೆಗೂ ಕಳಿಸಬೇಡಿ. ಫುಲ್‌ಬ್ರೈಟ್-ನೆಹರೂ ಅಕಾಡೆಮಿಕ್ ಅಂಡ್ ಪ್ರೊಫೆಷನಲ್ ಎಕ್ಸಲೆನ್ಸ್ ಫೆಲೋಶಿಪ್‌ನಲ್ಲಿ ಪಾಠ ಮಾಡುವುದಕ್ಕೂ ಅರ್ಜಿ ಹಾಕಬಹುದು, ಸಂಶೋಧನೆಗೂ, ಎರಡಕ್ಕೂ. ಅಲ್ಲಿ ಪಾಠವನ್ನು ಆರಿಸಿಕೊಂಡರೆ ಯಾವ ಕೋರ್ಸ್ ರೂಪಿಸಿದಿರಿ, ಮಕ್ಕಳಿಂದ ಏನು ಮಾಡಿಸಿದಿರಿ ಎಂಬುದೇ ಮೇಲೆ ಬರಬೇಕು. ಆಗ ಎರಡು ಲೇಖನವನ್ನೂ ಒಂದೇ ಸಾಲಿಗೆ ಇಳಿಸಿ.

ಅಧ್ಯಾಪಕಿ ಅಲ್ಲೇ ಕೂತು ತಿದ್ದಿದರು. ಸಂಕಿರಣಗಳು ಹೋದವು, ‘ಹೊಸ ಬೆಳಕು’ ಹೋಯಿತು, ಹೊಲದ ಹೆಸರುಗಳು ಬಂದವು. ‘ಇವರು ಸಂಗ್ರಹಿಸಿದ 40 ಊರುಗಳ ಹೊಲದ ಹೆಸರುಗಳು’ ಎಂದು ಬರೆದು ಪೆನ್ನು ನಿಲ್ಲಿಸಿದರು.

“ಸಂಗ್ರಹಿಸಿದ್ದು ನಾನಲ್ಲವಲ್ಲ ಸರ್, ಮಕ್ಕಳು.”

“ಹಾಗಾದರೆ ‘ವಿದ್ಯಾರ್ಥಿಗಳೊಂದಿಗೆ’ ಅಂತ ಸೇರಿಸಿ. ಒಂದೇ ಪದ.”

“ಒಂದು ಪದ ಸಾಕಾ?”

ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸುತ್ತಾ ಕೂತರು.