ಕುಗ್ಗಿದ ದಿನಕ್ಕೊಂದು ಚಾರ್ಜ್ ನೋಟ್

ಮನಸ್ಸು ಹಗುರಾಗಿರುವ ದಿನ ತನಗೆ ತಾನೇ ಒಂದು ಪತ್ರ ಬರೆದು, ಮುಂದೆಂದೋ ಚೈತನ್ಯ ಉಡುಗಿದ ದಿನ ಅದು ಕೈಸೇರುವಂತೆ ಏರ್ಪಾಡು ಮಾಡಿಡುವ ರೂಢಿ ನಮ್ಮ ಪರಿಚಿತರ ನಡುವೆಯೂ ಕಾಣಿಸತೊಡಗಿದೆ. ಸಲಕರಣೆ ಹೊಸದೇನಲ್ಲ. ಭವಿಷ್ಯದ ತನಗೆ ಪತ್ರ ಕಳಿಸಲೆಂದೇ ಹುಟ್ಟಿದ ‘ಫ್ಯೂಚರ್‌ಮಿ’ ಎಂಬ ಜಾಲತಾಣ 2002ರಷ್ಟು ಹಳೆಯದು. 2019ರಲ್ಲಿ ಜಿಮೇಲ್ ಕೂಡ ದಿನ ಗೊತ್ತುಮಾಡಿ ಅಂಚೆ ಕಳಿಸುವ ಸೌಲಭ್ಯ ಕೊಟ್ಟಿತು. ಬರೆಯುವವರಿಗೆ ಅಡಚಣೆಯಿಲ್ಲ. ಆದರೆ ಹೀಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಓದುವವರ ಕೈಗೆ ಸಿಕ್ಕಾಗ ಕೆಲಸ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸದುದ್ದೇಶದ ಕೊರತೆ ಅದಕ್ಕೆ ಕಾರಣವಲ್ಲ. ಬರೆದವರು ಆ ಹೊತ್ತಿಗೆ ತೀರ ಸಂತೋಷದಲ್ಲಿದ್ದರು ಎಂಬುದೇ ಕಾರಣ.

ತನ್ನನ್ನೇ ಎದುರಿಗೆ ಕೂರಿಸಿಕೊಂಡು ಮಾತನಾಡಿಸುವುದು ನಮಗೆ ಅಪರಿಚಿತವಲ್ಲ. ಡಿ.ವಿ.ಜಿ.ಯವರು ಕಗ್ಗದ ಉದ್ದಕ್ಕೂ ಮಂಕುತಿಮ್ಮನನ್ನು ಕರೆದು ಹೇಳುತ್ತ ಹೋದದ್ದು ಯಾರಿಗೆ ಎಂದು ಕೇಳಿದರೆ, ಮೊದಲ ಕೇಳುಗರು ಅವರೇ ಎನ್ನಬೇಕಾಗುತ್ತದೆ. ದಾಸರು ತಮ್ಮ ಮನಸ್ಸನ್ನೇ ಗದರಿಸಿದ್ದಾರೆ, ರಮಿಸಿದ್ದಾರೆ. ನಾವು ನೆಲೆಸಿರುವ ಈ ನೆಲದಲ್ಲಿ ಸಮರ್ಥ ರಾಮದಾಸರ ‘ಮನಾಚೆ ಶ್ಲೋಕ’ ಇದೆ. 205 ಶ್ಲೋಕಗಳ ಆ ಕೃತಿ ಮನಸ್ಸನ್ನು ಉದ್ದೇಶಿಸಿಯೇ ಹೊರಟದ್ದು. ಕೋಪರಿಯ ನಮ್ಮ ಓಣಿಯಲ್ಲಿ ಸಂಜೆ ಯಾವುದೋ ಮನೆಯಿಂದ ಅದು ಕೇಳಿಬರುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅವರು ಬರೆದದ್ದು ಹೊಯ್ದಾಡುವ ಮನಸ್ಸಿನ ಪಕ್ಕದಲ್ಲೇ ಕುಳಿತು. ನಾವು ಬರೆಯುವುದು ಹೊಯ್ದಾಟವೇ ಇಲ್ಲದ ದಿನ, ಅದರ ನೆನಪು ಮಸುಕಾಗಿರುವಾಗ.

ಈ ಮಸುಕಿನ ಬಗ್ಗೆ ಮನಶ್ಶಾಸ್ತ್ರದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಗಾರ್ಡನ್ ಬೋವರ್ 1981ರಲ್ಲಿ ಬರೆದ ಹೆಸರಾಂತ ಲೇಖನದ ತಿರುಳು ಇದು: ಸಂತೋಷದಲ್ಲಿರುವಾಗ ಸಂತೋಷದ ನೆನಪುಗಳು ಸಲೀಸಾಗಿ ಮೇಲೇಳುತ್ತವೆ, ದುಃಖದಲ್ಲಿರುವಾಗ ದುಃಖದವು. ಜಾರ್ಜ್ ಲೋವೆನ್‌ಸ್ಟೈನ್ ಇನ್ನೊಂದನ್ನು ತೋರಿಸಿಕೊಟ್ಟರು. ಒಂದು ಮನಃಸ್ಥಿತಿಯಲ್ಲಿರುವ ಮನುಷ್ಯನು ಮತ್ತೊಂದು ಮನಃಸ್ಥಿತಿಯಲ್ಲಿ ತಾನು ಹೇಗೆ ವರ್ತಿಸುತ್ತೇನೆಂದು ಊಹಿಸುವಾಗ ಪದೇ ಪದೇ ಎಡವುತ್ತಾನೆ. ಉಂಡವನಿಗೆ ಹಸಿವಿನ ಅಳತೆ ಸಿಗದು. ಇವೆರಡನ್ನೂ ನಮ್ಮ ಪತ್ರಕ್ಕೆ ಹಚ್ಚಿ ನೋಡಿದರೆ ತೊಡಕು ತಾನಾಗಿಯೇ ಗೋಚರಿಸುತ್ತದೆ. ಬರೆಯುವಾಕೆಗೆ ಓದುವಾಕೆ ಅಪರಿಚಿತಳು. ಓದುವಾಕೆಗೆ ಬರೆದಾಕೆಯ ನೆನಪುಗಳು ಅಂದು ಕೈಗೆಟುಕವು.

ಹೊಗಳಿಕೆಯ ವಾಕ್ಯಗಳ ಅಪಾಯ ಇದಕ್ಕಿಂತ ನೇರವಾದದ್ದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಮ್ಮ ಬಗ್ಗೆ ಕೀಳರಿಮೆಯಿರುವವರು ‘ನಾನು ಪ್ರೀತಿಗೆ ಪಾತ್ರಳಾದ ವ್ಯಕ್ತಿ’ ಎಂಬಂಥ ಮಾತನ್ನು ಮನಸ್ಸಿನಲ್ಲೇ ಪುನರುಚ್ಚರಿಸಿದಾಗ, ಪುನರುಚ್ಚರಿಸದವರಿಗಿಂತ ಹೆಚ್ಚು ಕುಗ್ಗಿದರು. ಒಳಗಿನಿಂದ ಕೂಡಲೇ ‘ಹೌದೇ?’ ಎಂಬ ಪ್ರತಿವಾದ ಏಳುತ್ತದೆ. ವಾದದಲ್ಲಿ ಗೆಲ್ಲುವುದು ಅದೇ. ಕುಗ್ಗಿದ ಮನಸ್ಸು ಬಲು ಚತುರ ವಕೀಲ, ವಿಶೇಷಣಗಳನ್ನು ಅದು ಕ್ಷಣದಲ್ಲಿ ತಳ್ಳಿಹಾಕುತ್ತದೆ. ದಿನಾಂಕ, ಹೆಸರು, ನಡೆದ ಸಂಗತಿ ಇವನ್ನು ತಳ್ಳಿಹಾಕಲು ಮಾತ್ರ ಅದಕ್ಕೂ ಕಷ್ಟ.

ಡೊಂಬಿವಲಿಯಲ್ಲಿರುವ ಗೆಳತಿಯೊಬ್ಬರ ಉದಾಹರಣೆಯನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ವಿವರಿಸುತ್ತೇನೆ. ಉತ್ತರ ಕನ್ನಡದ ಕಡೆಯವರು, ನನ್ನಂತೆಯೇ ಸರ್ಕಾರಿ ನೌಕರಿ, ಲೆಕ್ಕಪತ್ರ ವಿಭಾಗ. ಒಂದು ದೀಪಾವಳಿಯ ಮರುದಿನ, ಮನೆಯ ತುಂಬ ನೆಂಟರಿದ್ದ ಹೊತ್ತಿನಲ್ಲಿ, ಅವರು ತಮಗೆ ತಾವೇ ಒಂದು ಮಿಂಚಂಚೆ ಬರೆದು ಮುಂದಿನ ಜುಲೈಗೆ ದಿನ ಗೊತ್ತುಮಾಡಿದರು. ‘ನೀನು ಗಟ್ಟಿಗಿತ್ತಿ, ನಿನ್ನಿಂದ ಆಗದ್ದೇನಿದೆ, ನಗುತ್ತಿರು’ ಎಂಬ ಧಾಟಿ. ಅದು ಬಂದು ಮುಟ್ಟಿದ್ದು ಮಳೆಗೆ ಲೋಕಲ್ ಗಾಡಿ ದಿವಾ ಬಳಿ ನಿಂತು, ಗೇಣು ಜಾಗದಲ್ಲಿ ಒಂಟಿಕಾಲಿನ ಮೇಲೆ ನಿಂತಿದ್ದ ಬೆಳಗಿನಲ್ಲಿ. ‘ಯಾರೋ ಸುಖವಾಗಿರುವ ನಾದಿನಿ ಬುದ್ಧಿ ಹೇಳಿದ ಹಾಗಿತ್ತು’ ಎಂದರು. ಆ ನಾದಿನಿ ತಾವೇ ಎಂಬುದು ಅವರಿಗೆ ಇನ್ನಷ್ಟು ಕಿರಿಕಿರಿಯಾಯಿತಂತೆ.

ಎರಡನೆಯ ಬಾರಿ ಅವರು ಪತ್ರಕ್ಕೆ ಮೊದಲು ಕ್ಯಾಲೆಂಡರು ತೆಗೆದರು. ಇಡೀ ವ್ಯವಹಾರದಲ್ಲಿ ಅತ್ಯಂತ ಉಪಯುಕ್ತವಾದ ಹೆಜ್ಜೆ ಇದೇ ಎಂದು ನನಗೆ ತೋರುತ್ತದೆ. ಕುಗ್ಗಿದ ದಿನ ಹೇಳಿ ಬರುವುದಿಲ್ಲ ಎನ್ನುತ್ತೇವೆ. ಅರ್ಧದಷ್ಟಾದರೂ ಹೇಳಿಯೇ ಬರುತ್ತವೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಮಂಕಾದ ದಿನಕ್ಕೆ ಒಂದು ಚುಕ್ಕೆ ಇಡುತ್ತ ಬಂದರು. ಸುಮಾರು ಒಂದು ವರ್ಷದ ಚುಕ್ಕೆಗಳಲ್ಲಿ ಅವರು ನಿರೀಕ್ಷಿಸದಿದ್ದ ವಿನ್ಯಾಸ ಕಂಡಿತು. ಮಾರ್ಚ್ ಮೂವತ್ತೊಂದರ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಒಂದೂ ಚುಕ್ಕೆಯಿಲ್ಲ. ಏಪ್ರಿಲ್ ಎರಡನೆಯ ವಾರದಲ್ಲಿ ನಾಲ್ಕು ಚುಕ್ಕೆಗಳು. ಬೇಸಿಗೆ ರಜೆಗೆ ಊರಿಗೆ ಹೋಗಿ ಮರಳಿದ ದಿನ ಏನೂ ಇಲ್ಲ. ಮೂರನೆಯ, ನಾಲ್ಕನೆಯ ದಿನ, ತಂದ ಹಪ್ಪಳ ಉಪ್ಪಿನಕಾಯಿಗಳೆಲ್ಲ ಡಬ್ಬಿ ಸೇರಿ, ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ಚುಕ್ಕೆ. ಭಾರ ಹೊತ್ತಿರುವಷ್ಟು ಹೊತ್ತು ನಿಂತಿದ್ದ ಮನಸ್ಸು ಇಳಿಸಿದ ಮೇಲೆ ಕುಸಿಯುತ್ತಿತ್ತು. ಪತ್ರವನ್ನು ಮಾರ್ಚ್ ಮೂವತ್ತಕ್ಕೆ ಗೊತ್ತುಮಾಡಿದ್ದರೆ ಓದಲು ಪುರಸೊತ್ತೂ ಇರುತ್ತಿರಲಿಲ್ಲ, ಅಗತ್ಯವೂ ಇರುತ್ತಿರಲಿಲ್ಲ.

ಮತ್ತೊಂದು ಚುಕ್ಕೆ ತಾಯಿಯ ತಿಥಿಯ ಸುತ್ತ. ಇಲ್ಲಿ ಯಂತ್ರದ ಲೆಕ್ಕಕ್ಕೂ ಪಂಚಾಂಗದ ಲೆಕ್ಕಕ್ಕೂ ಹೊಂದುವುದಿಲ್ಲ. ತಿಥಿ ಇಂಗ್ಲಿಷ್ ತಾರೀಖಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ನಡುವೆ ಅಧಿಕಮಾಸ ಬಂದರೆ ಮುಂದಕ್ಕೆ ಜಿಗಿಯುತ್ತದೆ. ಆದ್ದರಿಂದ ಆ ಒಂದು ಪತ್ರಕ್ಕೆ ಪ್ರತಿ ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೆಯೇ ದಿನ ಇಡುತ್ತಾರೆ.

ಕಳಿಸುವ ಕ್ರಮ ಸುಲಭ. ತಮ್ಮ ವಿಳಾಸಕ್ಕೇ ಪತ್ರ ಬರೆದು, ಕಳಿಸುವ ಗುಂಡಿಯ ಪಕ್ಕದ ಬಾಣದಲ್ಲಿ Schedule send ಆರಿಸಿ, ದಿನ ಮತ್ತು ಹೊತ್ತು ಕೊಟ್ಟರೆ ಅದು Scheduled ಎಂಬ ಕಡತದಲ್ಲಿ ಕಾದು ಕೂರುತ್ತದೆ. ನಡುವೆ ತಿದ್ದಬೇಕೆಂದು ರದ್ದುಮಾಡಿದರೆ ಪತ್ರ ಕರಡಾಗಿ ಉಳಿಯುತ್ತದೆ. ಮತ್ತೆ ದಿನ ಕೊಡದಿದ್ದರೆ ಎಂದಿಗೂ ಹೊರಡುವುದಿಲ್ಲ. ಕಚೇರಿಯ ವಿಳಾಸವನ್ನು ಇದಕ್ಕೆ ಬಳಸಬಾರದೆಂದು ನಮ್ಮಂಥ ನೌಕರರಿಗೆ ಬೇರೆ ಹೇಳಬೇಕಿಲ್ಲ. ಹೊತ್ತಿನ ವಿಷಯದಲ್ಲಿ ಗೆಳತಿಯ ನಿರ್ಣಯ ರಾತ್ರಿ ಒಂಬತ್ತೂಕಾಲು: ಪಾತ್ರೆ ತೊಳೆದಾಗಿರುತ್ತದೆ, ನಿದ್ದೆ ಬಂದಿರುವುದಿಲ್ಲ. ಬೆಳಿಗ್ಗೆ ಬಂದ ಪತ್ರ ಬ್ಯಾಂಕು, ವಿಮೆ, ಸೀರೆ ಅಂಗಡಿಗಳ ಸಂದೇಶಗಳಡಿ ಮುಳುಗಿಹೋಗುತ್ತದೆ.

ಇನ್ನು ಒಕ್ಕಣೆ. ನಮ್ಮ ಇಲಾಖೆಗಳಲ್ಲಿ ವರ್ಗಾವಣೆಯಾದವರು ಮುಂದಿನವರಿಗೆ ಚಾರ್ಜ್ ನೋಟ್ ಬರೆದಿಡುತ್ತಾರೆ. ‘ನೀವು ಸಮರ್ಥರು, ಶುಭವಾಗಲಿ’ ಎಂದು ಯಾರೂ ಅದರಲ್ಲಿ ಬರೆಯುವುದಿಲ್ಲ. ಯಾವ ಕಡತ ಎಲ್ಲಿದೆ, ಯಾವುದು ಬಾಕಿ, ಯಾವ ಬೀಗಕ್ಕೆ ಯಾವ ಕೀಲಿ, ಅಷ್ಟೇ. ಹೊಸದಾಗಿ ಬಂದವರಿಗೆ ಆ ಒಣ ಹಾಳೆಯಿಂದ ಸಿಗುವ ಧೈರ್ಯ ಸ್ವಾಗತ ಭಾಷಣದಿಂದ ಸಿಗದು. ತನಗೆ ತಾನು ಬರೆಯುವ ಪತ್ರವೂ ಇದೇ ಜಾತಿಗೆ ಸೇರಬೇಕೆಂಬುದು ನನ್ನ ವಾದ. ಗೆಳತಿಯ ಏಪ್ರಿಲ್ ಪತ್ರ ಈಗ ಹೀಗಿದೆ:

‘ಇಂದು ಭಾನುವಾರ, ಜನವರಿ. ಬೆಳಿಗ್ಗೆ ದೋಸೆ ಮಾಡಿದೆ. ಅಣ್ಣನ ಜೊತೆ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದೆ, ಇಬ್ಬರೂ ನಕ್ಕೆವು. ಕಳೆದ ಏಪ್ರಿಲಿನಲ್ಲಿ ಹೀಗೇ ಆಗಿತ್ತು. ನಾಲ್ಕು ದಿನ ಇತ್ತು, ಐದನೆಯ ದಿನ ಹೋಯಿತು. ಆಗ ಏನೂ ದೊಡ್ಡದು ಮಾಡಿರಲಿಲ್ಲ. ಒಗೆದ ಬಟ್ಟೆ ಮಡಚಿಡು, ಉಳಿದದ್ದು ನಾಳೆ. ಅಣ್ಣ ಒಂಬತ್ತೂವರೆಯ ತನಕ ಎದ್ದಿರುತ್ತಾನೆ.’

ಇದರಲ್ಲಿ ಒಂದೂ ಪ್ರಶಂಸೆಯಿಲ್ಲ. ಆದರೆ ಅಂದು ಮನಸ್ಸಿಗೆ ಎಟುಕದ ಎರಡು ಸಂಗತಿಗಳಿವೆ: ಚೆನ್ನಾಗಿದ್ದ ದಿನವೊಂದು ನಿಜವಾಗಿ ಇತ್ತು, ಹಿಂದಿನ ಕುಸಿತ ನಿಜವಾಗಿ ಮುಗಿಯಿತು. ಐದನೆಯ ದಿನ ಎಂಬ ಮಾತು ಬಂದದ್ದು ಕ್ಯಾಲೆಂಡರಿನ ಚುಕ್ಕೆಗಳಿಂದ. ಅವಿಲ್ಲದೆ ಅದನ್ನು ಬರೆಯಲಾಗುತ್ತಿರಲಿಲ್ಲ. ಹೇಳಿದ ಕೆಲಸ ಹತ್ತು ನಿಮಿಷದ್ದು, ಕೂತಲ್ಲೇ ಆಗುವಂಥದ್ದು. ‘ವಾಕಿಂಗ್ ಹೋಗು’ ಎಂದು ಮೊದಲು ಬರೆದಿದ್ದರಂತೆ. ರಾತ್ರಿ ಒಂಬತ್ತೂಕಾಲಕ್ಕೆ ಸೋತ ಹೆಂಗಸು ಚಪ್ಪಲಿ ಮೆಟ್ಟಿ ಹೊರಡುವುದಿಲ್ಲವೆಂದು ತೆಗೆದುಹಾಕಿದರು.

ಕರೆಯುವ ಬಗೆಯೂ ಮುಖ್ಯವೇ. ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನಗಳ ಪ್ರಕಾರ, ಒತ್ತಡದ ಸಮಯದಲ್ಲಿ ‘ನಾನು’ ಎನ್ನುವ ಬದಲು ತನ್ನ ಹೆಸರು ಹಿಡಿದು ತನ್ನೊಡನೆ ಮಾತಾಡಿಕೊಂಡವರಿಗೆ ತಮ್ಮಿಂದ ಒಂದಿಷ್ಟು ದೂರ ನಿಲ್ಲಲು ಸಾಧ್ಯವಾಯಿತು. ಕನ್ನಡದಲ್ಲಿ ಹೆಸರಿಗಿಂತ ಒಳ್ಳೆಯ ಸೌಕರ್ಯವಿದೆ, ಮನೆಯಲ್ಲಿ ಕರೆಯುವ ಹೆಸರು. ಗೆಳತಿಯ ಪತ್ರ ಅಜ್ಜಿ ಕರೆಯುತ್ತಿದ್ದ ‘ತಂಗೀ’ ಎಂಬ ಮಾತಿನಿಂದ ಆರಂಭವಾಗುತ್ತದೆ. ಮುಂಬಯಿಯಲ್ಲಿ ಅವರನ್ನು ಹಾಗೆ ಕರೆಯುವವರು ಈಗ ಯಾರೂ ಇಲ್ಲ.

ದಿನ ತಪ್ಪುವ ಸಂಭವ ಇದ್ದೇ ಇದೆ. ಪತ್ರ ಕುಣಿದಾಡುವ ದಿನ ಬಂದೀತು, ಮನೆಯಲ್ಲಿ ಸಾವಾದ ದಿನವೂ ಬಂದೀತು. ಕಳಿಸುವ ಮೊದಲು ಒಮ್ಮೆ ಸೂತಕದ ಮನೆಯಲ್ಲಿ ಕೂತಂತೆ ಓದಿಕೊಳ್ಳಬೇಕು. ಆಗ ಸಹಿಸಲಾಗದ ವಾಕ್ಯವನ್ನು ಹೊಡೆದುಹಾಕಬೇಕು. ಉದ್ಗಾರ ಚಿಹ್ನೆಗಳೆಲ್ಲ ಮೊದಲ ಸುತ್ತಿನಲ್ಲೇ ಹೋಗುತ್ತವೆ. ಚುಕ್ಕೆಗಳು ಎಡೆಬಿಡದೆ ಎರಡು ವಾರ ದಾಟಿದರೆ ಮಾತ್ರ ಪತ್ರದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಅದು ವೈದ್ಯರ ಬಳಿಗೆ ಹೋಗುವ ಹೊತ್ತು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ನ 14416 ಸಂಖ್ಯೆಯನ್ನು ಗೆಳತಿ ಪ್ರತಿ ಪತ್ರದ ಕೊನೆಗೆ, ಅಣ್ಣನ ಸಂಖ್ಯೆಯ ಕೆಳಗೆ, ಬರೆದಿಡುತ್ತಾರೆ.

ಪತ್ರ ಬಂದಾಗ ಅವರು ಅದಕ್ಕೆ ಉತ್ತರವನ್ನೂ ಕೊಡುತ್ತಾರೆ, ಒಂದೇ ಸಾಲು: ಬಂತು, ಎರಡನೆಯ ದಿನ, ಬಟ್ಟೆ ಮಡಚಿದೆ, ಅಥವಾ, ಬಂತು, ಇವತ್ತು ಬೇಕಿರಲಿಲ್ಲ. ಮುಂದಿನ ಜನವರಿಯಲ್ಲಿ ಹೊಸ ಪತ್ರಕ್ಕೆ ಕೂರುವಾಗ ಮೊದಲು ತೆರೆಯುವುದು ಆ ಉತ್ತರಗಳನ್ನು.