ಗಂಟೆಯ ಲೆಕ್ಕವೇ ನ್ಯಾಯ ಎನ್ನುವವರಿಗೆ

ಕೊಡ್ಲಿಪೇಟೆಯ ಕಡೆ ಹೋಂಸ್ಟೇ ನಡೆಸುವವರು, ಕಾಫಿಪುಡಿ, ಕಾಳುಮೆಣಸು ಮಾರುವವರು ವೆಬ್‌ಸೈಟ್ ಮಾಡಿಸಲು ಹೊರಟರೆ ಮೊದಲು ಏಳುವ ಪ್ರಶ್ನೆ ಇದು: ಫ್ರೀಲ್ಯಾನ್ಸರ್‌ಗೆ ಗಂಟೆಗಿಷ್ಟು ಎಂದು ಕೊಡುವುದೋ, ಇಡೀ ಕೆಲಸಕ್ಕೆ ಇಷ್ಟು ಎಂದು ಗೊತ್ತು ಮಾಡುವುದೋ? ಹೊಸದಾಗಿ ಕಟ್ಟುವ ಚಿಕ್ಕ ಸೈಟಿಗೆ ಒಟ್ಟು ಮೊತ್ತವೇ ಸರಿ ಎಂಬುದು ನನ್ನ ನಿಲುವು. ಒಪ್ಪದವರ ಮೂರು ವಾದಗಳಿಗೆ ಇಲ್ಲಿ ಉತ್ತರವಿದೆ.

ಮೊದಲ ವಾದ: ಗಂಟೆಯ ಲೆಕ್ಕ ಅಗ್ಗ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೋಂಸ್ಟೇಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಆರು ಪುಟಗಳ ಸೈಟ್ ಬೇಕು. ಒಬ್ಬರು ಗಂಟೆಗೆ 600 ರೂಪಾಯಿಯಂತೆ ಸುಮಾರು 40 ಗಂಟೆ, ಅಂದರೆ 24,000 ಎನ್ನುತ್ತಾರೆ. ಇನ್ನೊಬ್ಬರು ಒಟ್ಟು 30,000 ಕೇಳುತ್ತಾರೆ. ಆದರೆ 40 ಗಂಟೆ ಎಂಬುದು ಅಂದಾಜು, ಮಾತು ಕೊಟ್ಟದ್ದಲ್ಲ. ಕೆಲಸ 50 ಗಂಟೆಗೆ ಏರಿದರೆ ಎರಡೂ ಸಮ. 60ಕ್ಕೆ ಏರಿದರೆ 36,000. ಏರುವುದಕ್ಕೆ ದೊಡ್ಡ ಕಾರಣವೇ ಬೇಕಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹವನ್ನು ಯೂನಿಕೋಡ್‌ಗೆ ತಂದು, ಕೆಟ್ಟ ಒತ್ತಕ್ಷರಗಳನ್ನು ತಿದ್ದುವುದರಲ್ಲೇ ಹೊತ್ತು ಹೋಗುತ್ತದೆ. ಒಟ್ಟು ಮೊತ್ತ ಕೇಳಿದವರಿಗೆ ಕೊಡುವ ಹೆಚ್ಚಿನ 6,000 ರೂಪಾಯಿ ಈ ಅನಿಶ್ಚಿತತೆಯ ಬೆಲೆ.

ಎರಡನೆಯ ವಾದ: ತೋಟದಲ್ಲಿ ದಿನಗೂಲಿ ಕೊಡುವುದಿಲ್ಲವೇ, ಇಲ್ಲೂ ಹಾಗೇ ಆಗಲಿ. ತೋಟದಲ್ಲಿ ಎಷ್ಟು ಕಳೆ ಹೋಯಿತು ಎಂದು ಮಾಲೀಕರಿಗೆ ಕಣ್ಣಾರೆ ಕಾಣುತ್ತದೆ. ಬೆಂಗಳೂರಿನಲ್ಲಿ ಕುಳಿತವರು ಒಂದು ಫಾರ್ಮ್‌ಗೆ ಎರಡು ಗಂಟೆ ತೆಗೆದುಕೊಂಡರೋ ಐದೋ, ಅದು ಹೆಚ್ಚೋ ಕಡಿಮೆಯೋ ಎಂದು ಅಳೆಯುವ ದಾರಿ ನಮಗಿಲ್ಲ. ಕಾಫಿ ಕುಯ್ಲಿಗೆ ಕಿಲೋ ಲೆಕ್ಕದಲ್ಲೂ ಕೊಡುತ್ತೇವೆ. ಅಲ್ಲಿ ಎಣಿಸುವುದು ಫಲವನ್ನು, ಹೊತ್ತನ್ನಲ್ಲ.

ಮೂರನೆಯ ವಾದ: ಮೊತ್ತ ಕಟ್ಟಿಹಾಕಿದರೆ ಅರೆಬರೆ ಕೆಲಸ ಮಾಡಿ ಕೈತೊಳೆದುಕೊಳ್ಳುತ್ತಾರೆ. ಈ ಅಪಾಯ ನಿಜ. ಏನೇನು ಆಗಬೇಕೆಂದು ಬರೆದಿಡದಿದ್ದಾಗ ಹಾಗಾಗುತ್ತದೆ. ಎಷ್ಟು ಪುಟ, ಎರಡು ಸುತ್ತಿನ ತಿದ್ದುಪಡಿ, ಮೊಬೈಲಿನಲ್ಲಿ ಸರಿಯಾಗಿ ಕಾಣಬೇಕು, ವಿಚಾರಣೆಯ ಮೇಲ್ ನಮಗೆ ತಲುಪಬೇಕು, ಡೊಮೇನ್ ನಮ್ಮ ಹೆಸರಿನಲ್ಲೇ ಇರಬೇಕು ಎಂದು ಬರೆಯಿರಿ. ಇವೆಲ್ಲ ಆದ ಮೇಲೆಯೇ ಕೊನೆಯ ಕಂತು ಕೊಡಿ. ಪಟ್ಟಿಯಲ್ಲಿಲ್ಲದ ಹೊಸ ಬೇಡಿಕೆಗೆ ಮಾತ್ರ ಗಂಟೆಯ ದರ ಇರಲಿ. ಅದು ಫ್ರೀಲ್ಯಾನ್ಸರ್‌ಗೂ ನ್ಯಾಯ.

ಗಂಟೆಯ ಲೆಕ್ಕ ಸರಿಹೊಂದುವ ಜಾಗವೊಂದಿದೆ: ಕೆಟ್ಟು ನಿಂತ ಹಳೆಯ ಸೈಟಿನ ರಿಪೇರಿ. ದೋಷ ಎಲ್ಲಿದೆಯೆಂದು ತೆರೆದು ನೋಡುವವರೆಗೆ ಯಾರಿಗೂ ತಿಳಿಯದು. ಅಲ್ಲಿಯೂ ಐದು ಗಂಟೆ ಮೀರುವ ಮುಂಚೆ ಕೇಳಬೇಕು ಎಂಬ ಮಿತಿ ಹಾಕಿ.

ಎರಡು ಕೊಟೇಶನ್ ಕೈಗೆ ಬಂದಾಗ ಹೋಸ್ಟಿಂಗ್, ಡೊಮೇನ್, ಜಿಎಸ್‌ಟಿ ಎರಡರಲ್ಲೂ ಸೇರಿವೆಯೇ ನೋಡಿ. ಆಮೇಲೆ ಗಂಟೆಯ ದರ ಹೇಳಿದವರನ್ನು ಕೇಳಿ: ಎಷ್ಟೇ ಆದರೂ ಇದಕ್ಕಿಂತ ಮೇಲೆ ಹೋಗದು ಎಂಬ ಮೊತ್ತ ಎಷ್ಟು? ಅದನ್ನು ಬರೆದುಕೊಡದವರಿಗೆ ಹೊಸ ಸೈಟಿನ ಕೆಲಸ ಒಪ್ಪಿಸಬೇಡಿ.