ವಿಶೇಷಣ ತೆಗೆಯಿರಿ, ತಾರೀಖು ಹಾಕಿ

ಪ್ರೆಸ್ ಕಿಟ್ ಕೈಗೆ ಬಂದರೆ ನಾನು ಮೊದಲು ಓದುವುದು ಕೊನೆಯಲ್ಲಿರುವ "ಕಂಪನಿ ಬಗ್ಗೆ" ಪ್ಯಾರಾ. ಸುದ್ದಿ ಪ್ರತಿ ಸಲ ಬದಲಾಗುತ್ತದೆ, ಈ ಪ್ಯಾರಾ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಹಳಸುವುದೂ ಅದೇ.

ಇಲ್ಲಿ ಬ್ರಿಟನ್‌ನಲ್ಲಿ ಸ್ಟಾರ್ಟಪ್ ನಡೆಸುವ ಕನ್ನಡಿಗರೊಬ್ಬರು ತಮ್ಮದನ್ನು ಕಳಿಸಿದ್ದರು: "ಸಾವಿರಾರು ವ್ಯಾಪಾರಿಗಳು ನಂಬಿರುವ, ಎಫ್‌ಸಿಎ ಅನುಮತಿ ಪಡೆದ, ಮುಂಚೂಣಿಯ ಪಾವತಿ ವೇದಿಕೆ." ನಿಜದಲ್ಲಿ ಅನುಮತಿ ಇರುವುದು ಬೇರೊಂದು ಸಂಸ್ಥೆಗೆ, ಇವರು ಅದರ ಏಜೆಂಟ್. ಎಫ್‌ಸಿಎ ರಿಜಿಸ್ಟರ್‌ನಲ್ಲಿ ಯಾರು ಬೇಕಾದರೂ ಇದನ್ನು ಉಚಿತವಾಗಿ ನೋಡಬಹುದು. ಅಲ್ಲಿ ಸಿಕ್ಕಿಬಿದ್ದರೆ ಪ್ಯಾರಾದ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ತಿದ್ದಿದ ಮೇಲೆ ಹೀಗಾಯಿತು: "2019ರಲ್ಲಿ ಲೀಡ್ಸ್‌ನಲ್ಲಿ ಆರಂಭವಾದ ಕಂಪನಿ ಸಣ್ಣ ಅಂಗಡಿಗಳಿಗೆ ಕಾರ್ಡ್ ಪಾವತಿ ಸೇವೆ ಕೊಡುತ್ತದೆ. 2025ರ ಮಾರ್ಚ್ 31ಕ್ಕೆ 640 ಅಂಗಡಿಗಳು ಇದನ್ನು ಬಳಸುತ್ತಿದ್ದವು." ಮೂರನೇ ವಾಕ್ಯದಲ್ಲಿ ಯಾವ ಸಂಸ್ಥೆಯ ಏಜೆಂಟ್ ಎಂದು ಹೆಸರು ಸಮೇತ ಬರೆದೆವು. "ಸಾವಿರಾರು" ಹೋಗಿ 640 ಬಂದದ್ದು ಅವರಿಗೆ ಮೊದಲು ಬೇಸರವೇ. ಆದರೆ ತಾರೀಖು ಇರುವ ಸಣ್ಣ ಸಂಖ್ಯೆಯನ್ನು ಪತ್ರಕರ್ತರು ಧೈರ್ಯವಾಗಿ ಬಳಸಬಹುದು.

ಸ್ಥಾಪಕರ ಪರಿಚಯಕ್ಕೂ ಇದೇ ಅಳತೆ. "ಯಶಸ್ವಿ ಸರಣಿ ಉದ್ಯಮಿ" ಎಂದು ಬರೆದರೆ, ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಅವರ ಹಿಂದಿನ ಕಂಪನಿ ಮುಚ್ಚಿದ ದಿನವೂ ಕಾಣುತ್ತದೆ. ಈಗಿನ ಹುದ್ದೆ, ಯಾವಾಗಿನಿಂದ, ಹಿಂದೆ ಎಲ್ಲಿ ಏನು ಕೆಲಸ: ಎರಡು ವಾಕ್ಯ ಸಾಕು.

ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ದಿನವೇ ಈ ಎರಡನ್ನೂ ಮತ್ತೆ ಓದಿ. ದಾಖಲೆ ತೋರಿಸಲಾಗದ ವಾಕ್ಯವನ್ನು ತೆಗೆದುಬಿಡಿ.